ಒಂದು ಆರ್ಡರ್, ಮೂರು ಲೋಡ್, ಮೂರು ಬಾಕಿ

ಪ್ರಶ್ನೆ: ಸರ್, ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಸ್ಟೀಲ್ ಫರ್ನಿಚರ್ ವರ್ಕ್‌ಶಾಪ್ ಇದೆ. ಗದಗ ಕಡೆಯ ಒಂದು ಶಾಲೆಯಿಂದ 100 ಡೆಸ್ಕ್, 10 ಟೇಬಲ್, 4 ಕಪಾಟಿನ ಆರ್ಡರ್ ಬಂತು. ಕಾಲು ಭಾಗ ಅಡ್ವಾನ್ಸ್ ಕೊಟ್ಟರು. ಒಂದೇ ಸಲ ಮಾಡಿಕೊಡಲು ಆಗಲಿಲ್ಲ, ಎರಡು ಲೋಡ್ ಹೋಗಿದೆ, ಮೊದಲ ಲೋಡಿನಲ್ಲಿ 3 ಡೆಸ್ಕ್ ಬಣ್ಣ ಎದ್ದಿದೆ ಅಂತ ವಾಪಸ್ ಬಂತು. ನಡುವೆ ಎರಡು ಸಲ ದುಡ್ಡು ಹಾಕಿದ್ದಾರೆ. ಈಗ ಮೂರನೇ ಲೋಡ್ ರೆಡಿ. ನಮ್ಮ ಯಜಮಾನರ ಡೈರಿ ಪ್ರಕಾರ ಬರಬೇಕಾದ್ದು 92,500, ನನ್ನ ಬಿಲ್ ಲೆಕ್ಕದಲ್ಲಿ 42,940, ಶಾಲೆಯ ಕ್ಲರ್ಕ್ ಹೇಳುವುದು 31,140. ಯಾರ ಲೆಕ್ಕ ತಪ್ಪು? ಇಂಥ ಆರ್ಡರ್ ಬರೆದಿಡುವ ಸರಿಯಾದ ರೀತಿ ಯಾವುದು?

ಉತ್ತರ: ಯಾರದೂ ತಪ್ಪಿಲ್ಲ ಮೇಡಂ. ಮೂವರೂ ಬೇರೆ ಬೇರೆ ಪ್ರಶ್ನೆಗೆ ಸರಿಯಾದ ಉತ್ತರ ಹೇಳುತ್ತಿದ್ದೀರಿ. ನೀವು ಕಳಿಸಿದ ಬಿಲ್‌ಗಳ ಫೋಟೊ ಮುಂದಿಟ್ಟುಕೊಂಡು ಕೂಡಿಸಿ ನೋಡಿದೆ, ಮೂರು ಅಂಕಿಗಳೂ ರೂಪಾಯಿಗೆ ರೂಪಾಯಿ ತಾಳೆಯಾಗುತ್ತವೆ. ತಾಳೆಯಾಗುವ ಅಂಕಿಗಳಿಗೂ ಜಗಳ ಹತ್ತಿದೆ ಎಂದರೆ, ಆರ್ಡರ್, ಮಾಲು, ಬಿಲ್, ಹಣ ಈ ನಾಲ್ಕನ್ನೂ ಒಂದೇ ಪುಟದಲ್ಲಿ ಬರೆಯುತ್ತಿದ್ದೀರಿ ಎಂದೇ ಅರ್ಥ.

ಮೊದಲು ಮಾಲಿನ ಲೆಕ್ಕ ನೋಡೋಣ. ಡೆಸ್ಕಿಗೆ 4,000, ಟೇಬಲ್‌ಗೆ 6,000, ಕಪಾಟಿಗೆ 10,000 ರೂಪಾಯಿ ದರ. ಒಟ್ಟು 5,00,000, ಅದರ ಮೇಲೆ ಶೇ 18 ಜಿಎಸ್‌ಟಿ 90,000, ಆರ್ಡರ್ ಮೊತ್ತ 5,90,000. ಅಡ್ವಾನ್ಸ್ 1,47,500. ನಿಮ್ಮ ಯಜಮಾನರ ಡೈರಿಯಲ್ಲಿ ಈ ಆರ್ಡರ್ ಎದುರಿಗೆ ‘ಅರ್ಧ ಹೋಗಿದೆ’ ಎಂದು ಬರೆದಿದೆಯಂತೆ. ಕೆಲಸ ಕಲಿಯುವಾಗ ನಾನೂ ಹೀಗೇ ಬರೆದಿಟ್ಟು, ಒಂದು ಸಾಲು ರ‍್ಯಾಕ್‌ಗಳನ್ನು ಒಂದೇ ಪಾರ್ಟಿಗೆ ಎರಡು ಸಲ ಕಳಿಸಿಕೊಟ್ಟಿದ್ದೇನೆ. ‘ಅರ್ಧ’ ಎನ್ನುವುದು ಆರ್ಡರಿಗೆ ಹೊಂದುವ ಮಾತಲ್ಲ. ಕಪಾಟು ಪೂರ್ತಿ ಹೋಗಿದೆ, ಟೇಬಲ್ ಪೂರ್ತಿ ಹೋಗಿದೆ, ಉಳಿದಿರುವುದು ಡೆಸ್ಕ್ ಮಾತ್ರ. ಆದ್ದರಿಂದ ಬಾಕಿಯನ್ನು ಆರ್ಡರಿನ ಮೇಲಲ್ಲ, ಅದರೊಳಗಿನ ಪ್ರತಿ ಸಾಲಿನ ಮೇಲೆ ಇಡಬೇಕು.

ಪ್ರತಿ ಸಾಲಿಗೆ ಮೂರು ಸಂಖ್ಯೆ ಸಾಕು: ಕೇಳಿದ್ದು, ಕಳಿಸಿದ್ದು, ವಾಪಸ್ ಬಂದದ್ದು. ಬಾಕಿಯನ್ನು ಕೈಯಿಂದ ಬರೆಯಲೇಬೇಡಿ, ಅದು ಈ ಮೂರರಿಂದ ತಾನಾಗಿ ಹುಟ್ಟಬೇಕು. ಎಕ್ಸೆಲ್‌ನಲ್ಲಾದರೆ `Orders` ಎಂಬ ಹಾಳೆಯಲ್ಲಿ A ಕಾಲಂ ಆರ್ಡರ್ ನಂಬರ್, B ವಸ್ತು, C ಕೇಳಿದ ಸಂಖ್ಯೆ. `Dispatch` ಎಂಬ ಇನ್ನೊಂದು ಹಾಳೆಯಲ್ಲಿ A ಆರ್ಡರ್ ನಂಬರ್, B ವಸ್ತು, C ಚಲನ್ ನಂಬರ್, D ಕಳಿಸಿದ್ದು, E ವಾಪಸ್. ಮೊದಲ ಹಾಳೆಯ ಬಾಕಿ ಕಾಲಂಗೆ ಇದನ್ನು ಹಾಕಿ:

```
=C2-SUMIFS(Dispatch!D:D,Dispatch!A:A,A2,Dispatch!B:B,B2)
   +SUMIFS(Dispatch!E:E,Dispatch!A:A,A2,Dispatch!B:B,B2)
```

ಮೊದಲ ಲೋಡಿನಲ್ಲಿ 60 ಡೆಸ್ಕ್, ಎರಡನೆಯದರಲ್ಲಿ 30, ವಾಪಸ್ 3. ನೂರರಲ್ಲಿ ತೊಂಬತ್ತು ಕಳೆದು ಮೂರು ಕೂಡಿಸಿದರೆ 13. ನೀವು ಕಳಿಸಬೇಕಾದದ್ದು 10 ಅಲ್ಲ, 13 ಡೆಸ್ಕ್.

ಕಳಿಸಿದ್ದು ಬೇರೆ, ತಲುಪಿದ್ದು ಬೇರೆ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಮೊದಲ ಚಲನ್ ಪ್ರತಿಯ ಮೇಲೆ ಒಂದು ಸಹಿ ಇದೆ, ಸಂಖ್ಯೆ ಇಲ್ಲ, ಹೆಸರಿಲ್ಲ, ತಾರೀಖಿಲ್ಲ. ಗೇಟಿನಲ್ಲಿದ್ದ ವಾಚ್‌ಮನ್ ಮಾಡಿದ ಸಹಿ ಇರಬೇಕು. ಮುಂದಿನ ಲೋಡಿಗೆ ಡ್ರೈವರ್ ಕೈಯಲ್ಲಿ ಕೊಡುವ ಪ್ರತಿಯಲ್ಲಿ ‘ಎಣಿಸಿ ಪಡೆದದ್ದು ಎಷ್ಟು, ಡ್ಯಾಮೇಜ್ ಎಷ್ಟು’ ಎಂದು ಎರಡು ಖಾಲಿ ಮನೆ ಬಿಟ್ಟು, ಶಾಲೆಯವರೇ ಪೆನ್ನಿನಿಂದ ತುಂಬಿ ಸೀಲು ಹಾಕಲಿ. ಚಲನ್ ನಂಬರ್ ಪಕ್ಕದಲ್ಲಿ ಅವರ ಆರ್ಡರ್ ನಂಬರ್ ಕಡ್ಡಾಯವಾಗಿ ಇರಲಿ. ಮೂರು ಲೋಡುಗಳನ್ನು ಒಂದೇ ಆರ್ಡರಿಗೆ ಕಟ್ಟಿಡುವ ದಾರ ಅದೊಂದೇ.

ಈಗ ಬಿಲ್. ಲೋಡಿಗೊಂದು ಬಿಲ್ ಮಾಡಿದ್ದೀರಿ, ಸರಿಯಾದದ್ದನ್ನೇ ಮಾಡಿದ್ದೀರಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಎರಡು ಅಡ್ಡದಾರಿಗಳನ್ನು ದಿನಾ ನೋಡುತ್ತೇನೆ. ಒಂದು, ಎಲ್ಲ ಲೋಡನ್ನೂ ಬರೀ ಚಲನ್ ಮೇಲೆ ಕಳಿಸಿ ಕೊನೆಗೆ ಒಂದು ದೊಡ್ಡ ಬಿಲ್ ಮಾಡುವುದು. ಮಾರಿದ ಮಾಲು ನಿಮ್ಮ ಜಾಗ ಬಿಡುವ ಮುಂಚೆ ಅಥವಾ ಬಿಡುವ ಹೊತ್ತಿಗೆ ಟ್ಯಾಕ್ಸ್ ಇನ್ವಾಯ್ಸ್ ಆಗಿರಬೇಕು ಎಂದು ಜಿಎಸ್‌ಟಿ ಕಾಯ್ದೆಯ 31ನೇ ಕಲಂ ಹೇಳುತ್ತದೆ. ಹಾಗಾಗಿ ಅದು ಅನುಕೂಲದ ಪ್ರಶ್ನೆ ಅಲ್ಲ, ನೇರ ತಪ್ಪು. ಇನ್ನೊಂದು, ಮೊದಲ ಲೋಡಿನ ದಿನವೇ ಪೂರ್ತಿ 5,90,000ಕ್ಕೆ ಬಿಲ್ ಮಾಡಿ, ಉಳಿದ ಲೋಡುಗಳನ್ನು ಚಲನ್ ಮೇಲೆ ಕಳಿಸುವುದು. ಇದಕ್ಕೆ ಜಿಎಸ್‌ಟಿ ನಿಯಮ 55ರಲ್ಲಿ ಜಾಗವಿದೆ. ಮೊದಲ ಕಂತಿಗೆ ಮುಂಚೆ ಪೂರ್ತಿ ಬಿಲ್, ನಂತರದ ಪ್ರತಿ ಕಂತಿಗೆ ಆ ಬಿಲ್ಲನ್ನು ಉಲ್ಲೇಖಿಸುವ ಚಲನ್ ಮತ್ತು ಬಿಲ್ಲಿನ ದೃಢೀಕೃತ ನಕಲು, ಮೂಲ ಬಿಲ್ ಕೊನೆಯ ಕಂತಿನ ಜೊತೆ. ದೊಡ್ಡ ಯಂತ್ರವೊಂದನ್ನು ಬಿಡಿಭಾಗಗಳಾಗಿ ನಾಲ್ಕು ಲಾರಿಯಲ್ಲಿ ಸಾಗಿಸುವವರಿಗೆ ಇದು ಹೊಂದುತ್ತದೆ. ಡೆಸ್ಕಿಗೆ ಬೇಡ. ಇನ್ನೂ ಮಾಡದ ಮಾಲಿನ ಮೇಲೂ ನೀವು ಆ ತಿಂಗಳೇ ತೆರಿಗೆ ಕಟ್ಟಬೇಕಾಗುತ್ತದೆ. ನಾಳೆ ನಿಮಗೆ ಕಾರ್ಖಾನೆಯವರು ಗಿರಾಕಿಯಾದರೆ ಇನ್ನೊಂದು ತಕರಾರು ಕಾದಿದೆ. ಒಂದು ಬಿಲ್ಲಿನ ಮಾಲು ಕಂತಿನಲ್ಲಿ ಬಂದರೆ, ಕೊನೆಯ ಕಂತು ಕೈಸೇರುವ ತನಕ ಆ ಬಿಲ್ಲಿನ ಇನ್‌ಪುಟ್ ಕ್ರೆಡಿಟ್ ಅವರಿಗೆ ಸಿಗುವುದಿಲ್ಲ, 16ನೇ ಕಲಮಿನಲ್ಲಿ ಹಾಗಿದೆ. ಅಂಥ ಬಿಲ್ಲಿಗೆ ಅವರು ಹಣವನ್ನೂ ತಡೆದೇ ಕೊಡುತ್ತಾರೆ.

ನಿಮ್ಮ ಮೊದಲ ಬಿಲ್ 60 ಡೆಸ್ಕ್, 4 ಕಪಾಟಿಗೆ 2,80,000, ತೆರಿಗೆ ಸೇರಿ 3,30,400. ಎರಡನೆಯದು 30 ಡೆಸ್ಕ್, 10 ಟೇಬಲ್‌ಗೆ 1,80,000, ತೆರಿಗೆ ಸೇರಿ 2,12,400. ವಾಪಸ್ ಬಂದ 3 ಡೆಸ್ಕಿಗೆ ನೀವು ಮೊದಲ ಬಿಲ್ ಮೇಲೆ 14,160ರ ಕ್ರೆಡಿಟ್ ನೋಟ್ ಕೊಟ್ಟಿದ್ದೀರಿ. ಹಾಗೆ ಕೊಟ್ಟ ಮೇಲೆ ಆ ಮೂರು ಡೆಸ್ಕ್ ಹೊಸ ಬಿಲ್ಲಿನಲ್ಲೇ ಹೋಗಬೇಕು, ‘ಬದಲಿಗೆ ಕಳಿಸಿದ್ದು’ ಎಂದು ಬಿಲ್ಲಿಲ್ಲದೆ ಲೋಡಿನಲ್ಲಿ ತುರುಕಬೇಡಿ. ಅದೇ ಮೂರು ಡೆಸ್ಕಿಗೆ ಪೌಡರ್ ಕೋಟಿಂಗ್ ಮಾಡಿ ಹಿಂದಿರುಗಿಸುವುದಿದ್ದರೆ ಕ್ರೆಡಿಟ್ ನೋಟ್ ಬೇಕಿರಲಿಲ್ಲ, ಬರುವಾಗ ಹೋಗುವಾಗ ಚಲನ್ ಇದ್ದರೆ ಸಾಕಿತ್ತು. ಎರಡರಲ್ಲಿ ಯಾವುದಾದರೂ ಒಂದನ್ನು ಹಿಡಿಯಿರಿ. ಎರಡನ್ನೂ ಬೆರೆಸಿದವರ ಸ್ಟಾಕ್ ಮಾರ್ಚ್‌ನಲ್ಲಿ ಎಂದೂ ಕೂಡುವುದಿಲ್ಲ.

ಈ ಮೂರು ಡೆಸ್ಕಿಗೆ ಇನ್ನೊಂದು ಬಾಲವೂ ಇದೆ. ಬರೀ 10 ಡೆಸ್ಕ್ ಆಗಿದ್ದರೆ ಮೂರನೇ ಲೋಡಿನ ಬೆಲೆ ತೆರಿಗೆ ಸೇರಿ 47,200 ಆಗುತ್ತಿತ್ತು. ಈಗ 13 ಡೆಸ್ಕಿಗೆ 61,360. ಇ-ವೇ ಬಿಲ್‌ನ 50,000ದ ಮಿತಿಯನ್ನು ತೆರಿಗೆ ಸೇರಿಸಿಯೇ ನೋಡುತ್ತಾರೆ. ‘ಕೊನೆಯ ಸಣ್ಣ ಲೋಡ್ ತಾನೆ’ ಎಂದು ಡ್ರೈವರನ್ನು ಹಾಗೇ ಹೊರಡಿಸಿಬಿಡಬೇಡಿ.

ಇನ್ನು ಹಣ. ನಿಮ್ಮ ಮೂರು ಅಂಕಿಗಳ ಗಂಟು ಇರುವುದು ಇಲ್ಲಿ. ಹಣವನ್ನು ಲೋಡಿಗೂ ಕಟ್ಟಬೇಡಿ, ಆರ್ಡರಿಗೂ ಕಟ್ಟಬೇಡಿ, ಬಿಲ್ಲಿಗೆ ಕಟ್ಟಿ. ಬಂದ ಒಂದೇ ಮೊತ್ತ ಎರಡು ಬಿಲ್ಲಿಗೆ ಹಂಚಿಹೋಗಬಹುದು, ಒಂದೇ ಬಿಲ್ಲಿಗೆ ನಾಲ್ಕು ಕಡೆಯಿಂದ ಹಣ ಸೇರಬಹುದು. ಹಾಗಾಗಿ ಬಿಲ್ಲಿನ ಪಕ್ಕದಲ್ಲಿ ‘ಬಂದ ಹಣ’ ಎಂಬ ಒಂದು ಕಾಲಂ ಇಟ್ಟರೆ ಸಾಲದು. ಹಂಚಿಕೆಗೇ ಒಂದು ಪ್ರತ್ಯೇಕ ಹಾಳೆ ಬೇಕು. ಪ್ರತಿ ಸಾಲಿನಲ್ಲಿ ಮೂರೇ ಮಾತು: ಹಣ ಎಲ್ಲಿಂದ, ಯಾವ ಬಿಲ್ಲಿಗೆ, ಎಷ್ಟು.

| ಎಲ್ಲಿಂದ | ಯಾವ ಬಿಲ್ಲಿಗೆ | ಎಷ್ಟು |
|---|---|---|
| ಅಡ್ವಾನ್ಸ್ | ಬಿಲ್ 1 | 82,600 |
| ಕ್ರೆಡಿಟ್ ನೋಟ್ | ಬಿಲ್ 1 | 14,160 |
| ಮೊದಲ ಜಮೆ, 2,00,000 | ಬಿಲ್ 1 | 2,00,000 |
| ಎರಡನೇ ಜಮೆ, 1,50,000 | ಬಿಲ್ 1 | 33,640 |
| ಅಡ್ವಾನ್ಸ್ | ಬಿಲ್ 2 | 53,100 |
| ಎರಡನೇ ಜಮೆ, 1,50,000 | ಬಿಲ್ 2 | 1,16,360 |

ಮೊದಲ ಬಿಲ್ಲಿನ ನಾಲ್ಕು ಸಾಲು ಕೂಡಿಸಿ, ಸರಿಯಾಗಿ 3,30,400. ಆ ಬಿಲ್ ತೀರಿತು. ಎರಡನೆಯದರಲ್ಲಿ 1,69,460 ಸೇರಿದೆ, ಉಳಿದದ್ದು 42,940. ಇದು ನಿಮ್ಮ ಅಂಕಿ. ಈ ಹಾಳೆಗೆ `Alloc` ಎಂದು ಹೆಸರಿಟ್ಟು, A ಕಾಲಂನಲ್ಲಿ ಹಣದ ಮೂಲ, Bಯಲ್ಲಿ ಬಿಲ್ ನಂಬರ್, Cಯಲ್ಲಿ ಮೊತ್ತ ಬರೆಯಿರಿ. ಬಿಲ್‌ಗಳ ಹಾಳೆಯಲ್ಲಿ A ಬಿಲ್ ನಂಬರ್, C ಬಿಲ್ ಮೊತ್ತ ಇದ್ದರೆ ಬಾಕಿಗೆ ಇಷ್ಟೇ:

```
=C2-SUMIFS(Alloc!C:C,Alloc!B:B,A2)
```

ಟ್ಯಾಲಿ ಬಳಸುವವರಿಗೆ ಈ ಹಾಳೆ ಅದರೊಳಗೇ ಇದೆ. ರಸೀತಿ ಹಾಕುವಾಗ ಅದು ಕೇಳುವ `Agst Ref`, `Advance`, `On Account` ಎಂಬ ಆಯ್ಕೆಗಳೇ ಈ ಹಂಚಿಕೆ. ಅವಸರದಲ್ಲಿ ಎಲ್ಲವನ್ನೂ `On Account`ಗೆ ತಳ್ಳುವ ಅಭ್ಯಾಸ ಇರುವ ಕಡೆ ಒಟ್ಟು ಬಾಕಿ ಸರಿಯಾಗಿಯೇ ಕಾಣುತ್ತದೆ. ಯಾವ ಬಿಲ್ ಬಾಕಿ ಎಂದು ಕೇಳಿದರೆ ಮಾತ್ರ ತೀರಿದ ಬಿಲ್ಲುಗಳೂ ಬಾಕಿ ಪಟ್ಟಿಯಲ್ಲಿ ಎದ್ದು ಕೂರುತ್ತವೆ.

ಶಾಲೆಯ ಕ್ಲರ್ಕ್ ಹಂಚಿಕೆಯ ತಂಟೆಗೇ ಹೋಗಿಲ್ಲ. ಎರಡು ಬಿಲ್ ಕೂಡಿಸಿದ್ದಾರೆ, 5,42,800. ಕ್ರೆಡಿಟ್ ನೋಟ್ ಕಳೆದರೆ 5,28,640. ತಾವು ಕೊಟ್ಟ ಒಟ್ಟು ಹಣ ಅಡ್ವಾನ್ಸ್ ಸೇರಿ 4,97,500. ಕಳೆದರೆ 31,140. ನಿಮ್ಮ 42,940ಕ್ಕೂ ಇದಕ್ಕೂ ಇರುವ ಅಂತರ 11,800. ಅದು ಬೇರೇನಲ್ಲ, ಅಡ್ವಾನ್ಸಿನಲ್ಲಿ ನೀವು ಇನ್ನೂ ಯಾವ ಬಿಲ್ಲಿಗೂ ಮುರಿದುಕೊಳ್ಳದೆ ಇಟ್ಟುಕೊಂಡ ಭಾಗ. ಯಜಮಾನರ 92,500 ಇನ್ನೂ ಸುಲಭ: ಆರ್ಡರಿನ 5,90,000ದಲ್ಲಿ ಬಂದ 4,97,500 ಕಳೆದಿದ್ದಾರೆ. ಇನ್ನೂ ಹೋಗದ 13 ಡೆಸ್ಕಿನ ಹಣವೂ ಅದರಲ್ಲಿ ಸೇರಿದೆ. ಮೂರನೇ ಬಿಲ್ 61,360ಕ್ಕೆ ಆಗಿ, ಅದರಲ್ಲಿ ಉಳಿದ ಅಡ್ವಾನ್ಸ್ 11,800 ಮುರಿದರೆ 49,560. ಅದಕ್ಕೆ ನಿಮ್ಮ 42,940 ಸೇರಿಸಿ, 92,500 ಬರುತ್ತದೆ. ನಿಮ್ಮ ಮನೆಯ ಜಗಳ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೇನೆ.

ಕ್ಲರ್ಕ್ ಮುಂದೆ ಕೇಳುವ ಪ್ರಶ್ನೆಯೂ ನನಗೆ ಗೊತ್ತು: ‘ಅಡ್ವಾನ್ಸ್ ಮೊದಲ ಬಿಲ್ಲಿನಲ್ಲೇ ಪೂರ್ತಿ ಯಾಕೆ ಮುರಿಯಲಿಲ್ಲ?’ ನೀವು ಪ್ರತಿ ಬಿಲ್ಲಿನಲ್ಲಿ ಕಾಲು ಭಾಗ ಮುರಿದಿದ್ದೀರಿ, ಅದೇ ಒಳ್ಳೆಯದು. ಅಡ್ವಾನ್ಸ್ ಎನ್ನುವುದು ಪೂರ್ತಿ ಆರ್ಡರಿಗೆ ಕೊಟ್ಟದ್ದು. ಮೊದಲ ಬಿಲ್ಲಿನಲ್ಲೇ ಅದನ್ನು ತಿಂದು ಮುಗಿಸಿದರೆ ಕೊನೆಯ ಲೋಡುಗಳಿಗೆ ನಿಮ್ಮ ಕೈಯಲ್ಲಿ ಹಿಡಿತವಿರುವುದಿಲ್ಲ. ಶಾಲೆಯವರು ಡೆಸ್ಕ್ ಸಾಕು ಎಂದು ಮನಸ್ಸು ಬದಲಿಸುವುದು ಕೊನೆಯ ಲೋಡಿಗೇ ಹೊರತು ಮೊದಲನೆಯದಕ್ಕಲ್ಲ. ಆದರೆ ಇದನ್ನು ಆರ್ಡರ್ ಒಪ್ಪಿಕೊಳ್ಳುವಾಗಲೇ ಬರೆದು ಹೇಳಬೇಕಿತ್ತು. ಅಂದ ಹಾಗೆ ಅಡ್ವಾನ್ಸ್ ಬಂದ ದಿನ ಅದರ ಮೇಲೆ ಜಿಎಸ್‌ಟಿ ಕಟ್ಟಬೇಕೆ ಎಂದು ಕೊನೆಯಲ್ಲಿ ಕೇಳಿದ್ದೀರಿ. ಮಾಲಿನ ಅಡ್ವಾನ್ಸ್ ಮೇಲೆ 2017ರ ನವೆಂಬರ್ 15ರಿಂದ ಬೇಕಿಲ್ಲ, ಬಿಲ್ ಆದಾಗ ಕಟ್ಟಿದರೆ ಸಾಕು. ಕೆಲಸದ, ಅಂದರೆ ಸರ್ವಿಸ್‌ನ ಅಡ್ವಾನ್ಸಿಗೆ ಈ ರಿಯಾಯಿತಿ ಇಲ್ಲ.

ಎರಡನೇ ಜಮೆಯ 1,50,000ದಲ್ಲಿ 33,640ನ್ನು ನೀವು ಹಳೆಯ ಬಿಲ್ಲಿಗೆ ಹಾಕಿಕೊಂಡದ್ದಕ್ಕೂ ತಕರಾರಿದೆಯಂತೆ, ಅವರು ಅದನ್ನು ಎರಡನೇ ಬಿಲ್ಲಿಗೇ ಕೊಟ್ಟದ್ದಂತೆ. ಇದಕ್ಕೆ ಉತ್ತರ 1872ರ ಕರಾರು ಕಾಯ್ದೆಯಲ್ಲೇ ಇದೆ, 59ರಿಂದ 61ನೇ ಕಲಂ. ಕೊಡುವವರು ‘ಇದು ಇಂಥ ಬಿಲ್ಲಿಗೆ’ ಎಂದು ಹೇಳಿ ಕೊಟ್ಟಿದ್ದನ್ನು ನೀವು ತೆಗೆದುಕೊಂಡಿದ್ದರೆ, ಅದೇ ಬಿಲ್ಲಿಗೆ ಹಾಕಬೇಕು. ಅವರು ಏನೂ ಹೇಳದಿದ್ದರೆ ಯಾವ ಬಿಲ್ಲಿಗೆ ಎಂಬುದು ನಿಮ್ಮ ಆಯ್ಕೆ. ಇಬ್ಬರೂ ಸುಮ್ಮನಿದ್ದರೆ ಹಳೆಯ ಬಾಕಿಗೆ ಮೊದಲು. ನೀವು ಕಳಿಸಿದ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಯುಟಿಆರ್ ನಂಬರ್ ಬಿಟ್ಟರೆ ಬಿಲ್ಲಿನ ಸುದ್ದಿಯೇ ಇಲ್ಲ. ಅವರು ವಾಟ್ಸಾಪ್‌ನಲ್ಲೋ ಪತ್ರದಲ್ಲೋ ‘ಎರಡನೇ ಬಿಲ್ಲಿಗೆ’ ಎಂದು ಬರೆದಿಲ್ಲವೆಂದಾದರೆ ನಿಮ್ಮ ಹಂಚಿಕೆ ನಿಲ್ಲುತ್ತದೆ. ಬರೆದಿದ್ದರೆ ಆ ಸಾಲನ್ನು ತಿದ್ದಿ: ಮೊದಲ ಬಿಲ್ಲಿನಲ್ಲಿ 33,640 ಬಾಕಿ, ಎರಡನೆಯದರಲ್ಲಿ 9,300 ಬಾಕಿ. ಒಟ್ಟು ಮತ್ತದೇ 42,940. ಬದಲಾಗುವುದು ಯಾವ ಬಿಲ್ ಎಷ್ಟು ಹಳೆಯದು ಎನ್ನುವುದು ಮಾತ್ರ. ಮುಂದಿನ ಸಲ ಹಣ ಬಂದ ದಿನವೇ ‘ಇಂತಿಷ್ಟು ಇಂಥ ಬಿಲ್ಲಿಗೆ ಜಮೆ ಮಾಡಿಕೊಂಡಿದ್ದೇವೆ’ ಎಂದು ಒಂದು ಸಾಲಿನ ಮೆಸೇಜ್ ಕಳಿಸಿಬಿಡಿ.

ಬಿಲ್ ಎಷ್ಟು ಹಳೆಯದು ಎನ್ನುವುದು ಯಾಕೆ ಮುಖ್ಯವೆಂದರೆ, ನೀವು ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರು. ಒಪ್ಪಂದ ಏನೇ ಇರಲಿ, ಮಾಲು ಒಪ್ಪಿಕೊಂಡ ದಿನದಿಂದ 45 ದಿನ ಮೀರಿ ಹಣ ತಡೆಯುವಂತಿಲ್ಲ ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಆ ದಿನ ಲೋಡಿನಿಂದ ಲೋಡಿಗೆ ಬೇರೆ. ಮೊದಲ ಲೋಡಿನ ಗಡಿಯಾರ ಓಡಲು ಶುರುವಾದಾಗ ಎರಡನೆಯದು ನಿಮ್ಮ ಶೆಡ್ಡಿನಲ್ಲೇ ಇತ್ತು. ಖರೀದಿದಾರರು ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಎತ್ತಿದರೆ, ಅದನ್ನು ನೀವು ಸರಿಪಡಿಸಿದ ದಿನದಿಂದ ಎಣಿಕೆ. ಮೂರು ಡೆಸ್ಕಿನ ಕ್ರೆಡಿಟ್ ನೋಟನ್ನು ತಡಮಾಡದೆ ಕೊಟ್ಟದ್ದು ಇದಕ್ಕೇ ಒಳ್ಳೆಯದಾಯಿತು. ಇಲ್ಲದಿದ್ದರೆ ಮೂರು ಡೆಸ್ಕಿನ ನೆಪದಲ್ಲಿ ಐವತ್ತೇಳು ಡೆಸ್ಕಿನ ಹಣವೂ ನಿಲ್ಲುತ್ತಿತ್ತು.

ಮೂರನೇ ಲೋಡ್ ಹೊರಡಿಸುವ ಮೊದಲು ಒಂದು ಕಾಗದ ಸಹಿ ಮಾಡಿಸಿಕೊಳ್ಳಿ. ಬೇರೆ ಮಾತಾಗದಿದ್ದರೆ ಮಾಲನ್ನು ಕಂತಿನಲ್ಲಿ ತೆಗೆದುಕೊಳ್ಳಲೇಬೇಕೆಂದು ಖರೀದಿದಾರರನ್ನು ಕಟ್ಟಿಹಾಕಲಾಗುವುದಿಲ್ಲ, 1930ರ ಸರಕು ಮಾರಾಟ ಕಾಯ್ದೆಯ 38ನೇ ಕಲಂ ಅದು. ಎರಡು ಲೋಡ್ ತೆಗೆದುಕೊಂಡಿರುವುದರಿಂದ ಈಗ ಅವರು ಆ ಮಾತು ಎತ್ತಲಿಕ್ಕಿಲ್ಲ. ಆದರೂ ‘ಬಾಕಿ 13 ಡೆಸ್ಕ್, ಲೋಡಿಗೊಂದು ಬಿಲ್, ಬಿಲ್ಲಿಗೆ ಪ್ರತ್ಯೇಕ ಪಾವತಿ, ಹಿಂದಿನ ಬಿಲ್ ಬಾಕಿ ಇದ್ದರೆ ಮುಂದಿನ ಲೋಡ್ ಇಲ್ಲ’ ಎಂಬ ನಾಲ್ಕು ಮಾತು ಬರಹದಲ್ಲಿರಲಿ. ಈ ಕೊನೆಯ ಮಾತು ಬರೆದಿರದೆ ಲೋಡ್ ತಡೆದರೆ, ಮಾತು ತಪ್ಪಿದವರು ನೀವೇ ಎಂದಾಗಬಹುದು. ಜೊತೆಗೆ ಕ್ಲರ್ಕಿಗೆ ಮೇಲಿನ ಪಟ್ಟಿಯನ್ನೂ ಕಳಿಸಿ, ಅದರ ಕೆಳಗೆ ‘ಮುರಿದುಕೊಳ್ಳದ ಅಡ್ವಾನ್ಸ್ 11,800, ಮೂರನೇ ಬಿಲ್ಲಿಗೆ’ ಎಂದು ಬೇರೆ ಸಾಲಾಗಿ ತೋರಿಸಿ. ಅವರಿಗೆ ಕಾಣದೇ ಇದ್ದದ್ದು ಆ ಒಂದು ಸಾಲು.

ಈಗ ಅವರು 42,940 ಕೊಟ್ಟರೆ ಎರಡನೇ ಬಿಲ್ ತೀರುತ್ತದೆ, ಲೋಡ್ ಕಳಿಸಿ, ಹೋದ ಮೇಲೆ ಬರಬೇಕಾದದ್ದು 49,560. ‘ಮಕ್ಕಳು ಕಡಿಮೆ ಇದ್ದಾರೆ, ಆ 13 ಡೆಸ್ಕ್ ಬೇಡವೇ ಬೇಡ’ ಎಂದರೆ ಬರಹದಲ್ಲಿ ಪಡೆಯಿರಿ. ಆರ್ಡರಿನ ಕೇಳಿದ ಸಂಖ್ಯೆ 100ನ್ನು ಅಳಿಸಿ 87 ಮಾಡಬೇಡಿ, ಪಕ್ಕದಲ್ಲಿ ‘ರದ್ದು 13’ ಎಂದು ಇನ್ನೊಂದು ಕಾಲಂ ಹಾಕಿ ಬಾಕಿಯಿಂದ ಅದನ್ನೂ ಕಳೆಯಿರಿ. ಹಾಗಾದ ದಿನ ಆ 11,800 ಹಿಡಿದಿಡಲು ಮೂರನೇ ಬಿಲ್ಲೇ ಇರುವುದಿಲ್ಲ. ಡೆಸ್ಕ್ ರೆಡಿ ಮಾಡಿದ ಖರ್ಚಿನ ಮಾತು ಬೇರೆ, ಅದು ನಿಮ್ಮ ಒಪ್ಪಂದಕ್ಕೆ ಬಿಟ್ಟದ್ದು. ಉಳಿದಂತೆ ಆ ಹಣ ಎರಡನೇ ಬಿಲ್ಲಿಗೆ ಹೋಗುತ್ತದೆ, ನಿಮಗೆ ಬರಬೇಕಾದದ್ದು ಕ್ಲರ್ಕ್ ಹೇಳಿದ 31,140 ಮಾತ್ರ.